ಆಫರ್ ಲೆಟರಿನ ಇಪ್ಪತ್ತು ಲಕ್ಷ ಮತ್ತು ಕೆಲಸ ಬಿಡುವ ದಿನ

ಬೆಂಗಳೂರಿನ ಸ್ಟಾರ್ಟಪ್ ಕಂಪನಿಗಳು ಕೊಡುವ ಆಫರ್ ಲೆಟರುಗಳಲ್ಲಿ ಸಂಬಳದ ಪಟ್ಟಿಯ ಕೆಳಗೆ ಇನ್ನೊಂದು ಸಾಲು ಇರುವುದು ಈಗ ಮಾಮೂಲು. ‘ಇಸಾಪ್: ₹20 ಲಕ್ಷ, ನಾಲ್ಕು ವರ್ಷಗಳಲ್ಲಿ ವೆಸ್ಟ್ ಆಗುತ್ತದೆ’ ಎಂಬುದು ಆ ಸಾಲು. ಎಚ್‌ಆರ್‌ನವರು ಫೋನಿನಲ್ಲಿ ‘ಫಿಕ್ಸೆಡ್ 28, ಇಸಾಪ್ 20’ ಅನ್ನುತ್ತಾರೆ. ಕೇಳಿಸಿಕೊಂಡವರ ಮನಸ್ಸು ತಕ್ಷಣ ಎರಡನ್ನೂ ಕೂಡಿಸಿ 48 ಮಾಡಿಬಿಡುತ್ತದೆ. ಇನ್ನು ಕೆಲವು ಕಂಪನಿಗಳು ತಾವೇ ಆ 20 ಲಕ್ಷವನ್ನು ನಾಲ್ಕರಿಂದ ಭಾಗಿಸಿ, ವರ್ಷಕ್ಕೆ 5 ಲಕ್ಷದಂತೆ ಸಿಟಿಸಿಗೆ ಸೇರಿಸಿ 33 ಲಕ್ಷದ ಆಫರ್ ಎಂದು ತೋರಿಸುತ್ತವೆ. ಹಳೆಯ ಕಂಪನಿಯಲ್ಲಿ 30 ಲಕ್ಷ ಎಣಿಸುತ್ತಿದ್ದವರು ಇದನ್ನು ಬಡ್ತಿ ಎಂದುಕೊಂಡು ಸಹಿ ಹಾಕುತ್ತಾರೆ.

ಆ 20 ಲಕ್ಷ ಸಂಬಳ ಅಲ್ಲ. ಷೇರೂ ಅಲ್ಲ. ಮುಂದೊಂದು ದಿನ, ಈಗಲೇ ಗೊತ್ತುಮಾಡಿದ ಬೆಲೆಗೆ ಕಂಪನಿಯ ಷೇರನ್ನು ಕೊಳ್ಳಬಹುದು ಎಂಬ ಹಕ್ಕು ಅಷ್ಟೆ. ನಿವೇಶನಕ್ಕೆ ಇಂದಿನ ದರದಲ್ಲಿ ಕರಾರು ಮಾಡಿಕೊಂಡ ಹಾಗೆ: ದರ ಏರಿದರೆ ಕರಾರಿಗೆ ಬೆಲೆ, ಇಳಿದರೆ ಕಾಗದಕ್ಕೆ ಬೆಲೆಯಿಲ್ಲ, ಮತ್ತು ಕೊಳ್ಳುವ ದಿನ ದುಡ್ಡು ನಿಮ್ಮ ಕೈಯಿಂದಲೇ ಹೋಗಬೇಕು. ಈ ಹಕ್ಕು ಎಷ್ಟು ಬಾಳುತ್ತದೆ ಎನ್ನುವುದು ಕೆಲಸಕ್ಕೆ ಸೇರಿದ ದಿನ ಗೊತ್ತಾಗುವುದಿಲ್ಲ. ಬಿಟ್ಟ ದಿನ ಗೊತ್ತಾಗುತ್ತದೆ. ಆದ್ದರಿಂದ ಆಫರನ್ನು ಓದುವಾಗ ಬಿಡುವ ದಿನದ ನಿಯಮವನ್ನೇ ಮೊದಲು ಹುಡುಕಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇಸಾಪ್‌ನಿಂದ ಬದುಕು ಬದಲಾದವರು ಈ ಊರಿನಲ್ಲಿ ಇದ್ದಾರೆ. 1990ರ ದಶಕದಲ್ಲಿ ಇನ್ಫೋಸಿಸ್ ತನ್ನ ನೌಕರರಿಗೆ ಷೇರು ಹಂಚಿದ್ದು ಇಲ್ಲಿನ ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಅಡಿಪಾಯವಾಯಿತು. 2018ರಲ್ಲಿ ವಾಲ್‌ಮಾರ್ಟ್ ಸುಮಾರು 16 ಬಿಲಿಯನ್ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇ 77ರಷ್ಟು ಪಾಲು ಕೊಂಡಾಗ, 2024ರ ನವೆಂಬರಿನಲ್ಲಿ ಸ್ವಿಗ್ಗಿ ಷೇರುಪೇಟೆಗೆ ಬಂದಾಗ, ಇಸಾಪ್ ಇಟ್ಟುಕೊಂಡಿದ್ದವರ ಕೈಗೆ ನಿಜವಾದ ಹಣ ಬರುವ ದಾರಿ ತೆರೆಯಿತು. ಅದೇ ಬೆಂಗಳೂರಿನ ಬೈಜೂಸ್ 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆಯ ಕಂಪನಿ ಅನ್ನಿಸಿಕೊಂಡಿತ್ತು. 2024ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದನ್ನು ದಿವಾಳಿ ಪ್ರಕ್ರಿಯೆಗೆ ಒಪ್ಪಿಸಿತು. ಕಂಪನಿ ಗೆಲ್ಲುತ್ತದೋ ಸೋಲುತ್ತದೋ ಎನ್ನುವುದು ನೌಕರನ ಕೈಯಲ್ಲಿಲ್ಲ. ಗೆದ್ದಾಗಲೂ ತನ್ನ ಪಾಲು ತನಗೆ ದಕ್ಕುವಂತೆ ಷರತ್ತುಗಳಿವೆಯೇ ಎಂದು ನೋಡಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ.

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬಳು ಎಂಜಿನಿಯರ್, ಪೇಟೆಯಲ್ಲಿ ಇನ್ನೂ ಲಿಸ್ಟ್ ಆಗದ ಒಂದು ಬೆಂಗಳೂರು ಕಂಪನಿಗೆ 2022ರ ಜುಲೈ 1ರಂದು ಸೇರುತ್ತಾಳೆ. ಸಂಬಳ 28 ಲಕ್ಷ, ಇಸಾಪ್ 20 ಲಕ್ಷ. ಕಂಪನಿ, ಸಂಖ್ಯೆಗಳು ಎಲ್ಲ ಕಲ್ಪಿತ. ಆದರೆ ಷರತ್ತುಗಳು ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಕಾಣುವಂಥವೇ.

ಇಪ್ಪತ್ತು ಲಕ್ಷ ಎಲ್ಲಿಂದ ಬಂತು?

ಆಫರ್ ಲೆಟರಿನಲ್ಲಿ ರೂಪಾಯಿ ಮಾತ್ರ ಇತ್ತು. ಆಪ್ಷನ್ ಎಷ್ಟು ಎಂದು ಅವಳು ಕೇಳಿದ ಮೇಲೆ 2,000 ಎಂಬ ಉತ್ತರ ಬಂತು. ಇತ್ತೀಚಿನ ಸುತ್ತಿನಲ್ಲಿ ಹೂಡಿಕೆದಾರರು ಒಂದು ಷೇರಿಗೆ ₹1,000 ಕೊಟ್ಟಿದ್ದರು. 2,000ವನ್ನು 1,000ದಿಂದ ಗುಣಿಸಿದರೆ 20 ಲಕ್ಷ. ಕಂಪನಿಯ ಲೆಕ್ಕ ಇಷ್ಟೇ.

ಈ ಲೆಕ್ಕದಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ. ಮೊದಲನೆಯದು ಎಕ್ಸರ್‌ಸೈಜ್ ಪ್ರೈಸ್. ಆಪ್ಷನ್ನನ್ನು ಷೇರಾಗಿ ಮಾಡಿಕೊಳ್ಳುವ ದಿನ ಅವಳು ಕಂಪನಿಗೆ ಕಟ್ಟಬೇಕಾದ ಬೆಲೆ ಅದು. ಇವಳ ಗ್ರಾಂಟ್ ಲೆಟರಿನಲ್ಲಿ ಅದು ಷೇರಿಗೆ ₹250 ಎಂದಿದೆ. ಅಂದಮೇಲೆ ಷೇರು ₹1,000ಕ್ಕೇ ಮಾರಾಟವಾದರೂ ಅವಳಿಗೆ ಉಳಿಯುವುದು ₹750. ಇಪ್ಪತ್ತು ಲಕ್ಷ ಇಲ್ಲಿಯೇ ಹದಿನೈದಕ್ಕೆ ಇಳಿಯಿತು. ಎಷ್ಟೋ ಕಂಪನಿಗಳಲ್ಲಿ ಎಕ್ಸರ್‌ಸೈಜ್ ಪ್ರೈಸ್ ಮುಖಬೆಲೆಯಷ್ಟೇ, ಅಂದರೆ ₹1 ಅಥವಾ ₹10 ಇರುತ್ತದೆ. ಅಂಥ ಆಪ್ಷನ್ ಹೆಚ್ಚುಕಡಿಮೆ ಪೂರ್ತಿ ಷೇರಿನ ಬೆಲೆಯದ್ದು. ಮತ್ತೆ ಕೆಲವು ಕಡೆ ಆ ಹೊತ್ತಿನ ಮಾರುಕಟ್ಟೆ ಬೆಲೆಯನ್ನೇ ಎಕ್ಸರ್‌ಸೈಜ್ ಪ್ರೈಸ್ ಎಂದು ಇಟ್ಟಿರುತ್ತಾರೆ. ಅಲ್ಲಿ ಸೇರಿದ ದಿನ ಆ ಹಕ್ಕಿನಲ್ಲಿ ಲಾಭ ಏನೂ ಇಲ್ಲ. ಮುಂದೆ ಏರಿದ ಭಾಗ ಮಾತ್ರ ನೌಕರನದು. ಎರಡು ಆಫರುಗಳಲ್ಲಿ ‘20 ಲಕ್ಷದ ಇಸಾಪ್’ ಎಂದೇ ಬರೆದಿದ್ದರೂ ಒಂದರ ಬೆಲೆ ಇನ್ನೊಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು.

ಬಿಟ್ಟುಹೋದ ಎರಡನೆಯ ಸಂಗತಿ, ಹೂಡಿಕೆದಾರರ ಷೇರೂ ಇವಳಿಗೆ ಸಿಗುವ ಷೇರೂ ಒಂದೇ ಅಲ್ಲ ಎನ್ನುವುದು. ₹1,000 ಕೊಟ್ಟವರು ತೆಗೆದುಕೊಂಡಿದ್ದು ಪ್ರಿಫರೆನ್ಸ್ ಷೇರು. ಕಂಪನಿ ಮಾರಾಟವಾದರೆ ತಾವು ಹಾಕಿದ ದುಡ್ಡು ಮೊದಲು ತಮಗೆ ವಾಪಸ್ ಬರಬೇಕು ಎಂದು ಅವರು ಕರಾರಿನಲ್ಲಿ ಬರೆಸಿಕೊಂಡಿರುತ್ತಾರೆ. ನೌಕರರಿಗೆ ಸಿಗುವುದು ಸಾಮಾನ್ಯ ಷೇರು. ಹೂಡಿಕೆದಾರರು ಎಲ್ಲ ಸುತ್ತುಗಳಲ್ಲಿ ಸೇರಿ 300 ಕೋಟಿ ಹಾಕಿದ್ದಾರೆ, ಕಂಪನಿ 280 ಕೋಟಿಗೆ ಮಾರಾಟವಾಯಿತು ಎಂದುಕೊಳ್ಳಿ. ಪತ್ರಿಕೆಗಳಲ್ಲಿ ‘280 ಕೋಟಿಯ ಖರೀದಿ’ ಎಂದು ದೊಡ್ಡ ಸುದ್ದಿ ಬರುತ್ತದೆ. ಸಾಮಾನ್ಯ ಷೇರಿನವರಿಗೆ ಬರುವುದು ಏನೂ ಇಲ್ಲ. ಈ ವ್ಯತ್ಯಾಸದಿಂದಾಗಿಯೇ ಮರ್ಚೆಂಟ್ ಬ್ಯಾಂಕರ್ ಲೆಕ್ಕಹಾಕಿ ಕೊಡುವ ಸಾಮಾನ್ಯ ಷೇರಿನ ಬೆಲೆ ಹೂಡಿಕೆಯ ಸುತ್ತಿನ ಬೆಲೆಗಿಂತ ಕಡಿಮೆ ಇರುವುದು ಸಹಜ. ಆಫರ್ ಬಂದಾಗ ಕೇಳಬೇಕಾದ ಬೆಲೆ ಈ ಮರ್ಚೆಂಟ್ ಬ್ಯಾಂಕರ್ ಕೊಟ್ಟದ್ದು. ತೆರಿಗೆಗೆ ಲೆಕ್ಕಕ್ಕೆ ಬರುವುದೂ ಅಂಥದ್ದೇ ಬೆಲೆ.

ಮೂರು ವರ್ಷಕ್ಕೆ ಮುಕ್ಕಾಲು ಪಾಲೇ?

ಕೊಟ್ಟ ಆಪ್ಷನ್ನುಗಳು ಒಂದೇ ಸಲ ಅವಳದಾಗುವುದಿಲ್ಲ. ಕೆಲಸ ಮಾಡಿದಷ್ಟು ಕಾಲಕ್ಕೆ ತಕ್ಕಂತೆ ಕಂತುಕಂತಾಗಿ ಅವಳದಾಗುತ್ತವೆ. ಇದೇ ವೆಸ್ಟಿಂಗ್. ಇವಳ ಕಾಗದದಲ್ಲಿ ಇರುವುದು ಹೆಚ್ಚಿನ ಕಡೆ ಕಾಣುವ ಏರ್ಪಾಡೇ: ಮೊದಲ ವರ್ಷ ಏನೂ ಇಲ್ಲ, ವರ್ಷ ತುಂಬಿದ ದಿನ ಕಾಲು ಪಾಲು ಒಟ್ಟಿಗೆ, ಆಮೇಲೆ ಮೂರು ತಿಂಗಳಿಗೊಮ್ಮೆ ಸಮ ಕಂತು. ಮೊದಲ ವರ್ಷದ ಈ ಕಾಯುವಿಕೆಯನ್ನು ಕ್ಲಿಫ್ ಅನ್ನುತ್ತಾರೆ. ಹನ್ನೊಂದನೆಯ ತಿಂಗಳಲ್ಲಿ ಬಿಟ್ಟವರಿಗೆ ಒಂದೂ ಸಿಗುವುದಿಲ್ಲ. 2,000ದಲ್ಲಿ ಕಾಲು ಪಾಲು 500, ಉಳಿದ 1,500 ಹನ್ನೆರಡು ಕಂತುಗಳಲ್ಲಿ, ಕಂತಿಗೆ 125.

ಇಲ್ಲಿ ಬಹಳ ಜನ ಗಮನಿಸದ ಒಂದು ದಿನಾಂಕವಿದೆ. ಆಫರ್ ಲೆಟರ್ ಕೈಗೆ ಬಂದರೆ ಆಪ್ಷನ್ ಬಂದಂತಲ್ಲ. ಕಂಪನಿ ನಿಯಮದಂತೆ ಅದನ್ನು ಮಂಜೂರು ಮಾಡಿ ಗ್ರಾಂಟ್ ಲೆಟರ್ ಕೊಟ್ಟಾಗಲೇ ಅದು ಹುಟ್ಟುವುದು. ನಮ್ಮ ಕಂಪನಿ ಕಾನೂನಿನ ಅಡಿಯ 2014ರ ಷೇರು ಬಂಡವಾಳ ನಿಯಮಗಳ ಪ್ರಕಾರ ಗ್ರಾಂಟ್ ಆದ ದಿನಕ್ಕೂ ಮೊದಲ ವೆಸ್ಟಿಂಗಿಗೂ ನಡುವೆ ಕನಿಷ್ಠ ಒಂದು ವರ್ಷ ಇರಲೇಬೇಕು. ಆ ವರ್ಷವನ್ನು ಎಣಿಸುವುದು ಗ್ರಾಂಟಿನಿಂದ, ಕೆಲಸಕ್ಕೆ ಸೇರಿದ ದಿನದಿಂದ ಅಲ್ಲ. ಇವಳು ಸೇರಿದ್ದು ಜುಲೈ 1ಕ್ಕೆ. ‘ಮುಂದಿನ ಬೋರ್ಡ್ ಮೀಟಿಂಗ್ ಆಗಲಿ’ ಎನ್ನುತ್ತಾ ಗ್ರಾಂಟ್ ಲೆಟರ್ ಬಂದಿದ್ದು 2022ರ ಅಕ್ಟೋಬರ್ 1ರ ತಾರೀಖಿನಲ್ಲಿ. ಸ್ಕೀಮಿನಲ್ಲಿ ಎಲ್ಲ ಕಂತುಗಳನ್ನೂ ಆ ತಾರೀಖಿನಿಂದಲೇ ಎಣಿಸುತ್ತಾರೆ. ಹೀಗಾಗಿ ಮೊದಲ 500 ಅವಳದಾಗಿದ್ದು 2023ರ ಅಕ್ಟೋಬರ್ 1ಕ್ಕೆ.

2025ರಲ್ಲಿ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ನೋಟಿಸ್ ಪಿರಿಯಡ್ ಮುಗಿಸಿ ಕೊನೆಯ ದಿನ ಜೂನ್ 20. ಹೆಚ್ಚುಕಡಿಮೆ ಮೂರು ವರ್ಷ ದುಡಿದಿದ್ದಾಳೆ, ನಾಲ್ಕರಲ್ಲಿ ಮೂರು ಪಾಲು, ಅಂದರೆ 1,500 ಆಪ್ಷನ್ ತನ್ನವು ಎಂದುಕೊಂಡಿದ್ದಳು. ಕಾಗದದ ಲೆಕ್ಕ ಹೀಗಿದೆ: ಅಕ್ಟೋಬರ್ 2023ರ 500, ಆಮೇಲೆ ಜನವರಿ 2024ರಿಂದ ಏಪ್ರಿಲ್ 2025ರವರೆಗೆ ಆರು ಕಂತು, 750. ಒಟ್ಟು 1,250. ಮುಂದಿನ ಕಂತು ಜುಲೈ 1ಕ್ಕೆ ಇತ್ತು. ಹನ್ನೊಂದು ದಿನ ಮೊದಲೇ ಹೊರಟಿದ್ದಕ್ಕೆ 125 ಆಪ್ಷನ್ ಕೈತಪ್ಪಿತು. ಇದರ ಜೊತೆಗೆ, ಕೆಲವು ಸ್ಕೀಮುಗಳಲ್ಲಿ ರಾಜೀನಾಮೆ ಕೊಟ್ಟ ದಿನಕ್ಕೇ ವೆಸ್ಟಿಂಗ್ ನಿಲ್ಲುತ್ತದೆ. ನೋಟಿಸ್ ಪಿರಿಯಡ್ಡಿನಲ್ಲಿ ಬರಬೇಕಾದ ಕಂತೂ ಬರುವುದಿಲ್ಲ. ರಾಜೀನಾಮೆಯ ಮೇಲ್ ಕಳಿಸುವ ಮುಂಚೆ ಸ್ಕೀಮಿನಲ್ಲಿ ಆ ಒಂದು ಸಾಲನ್ನು ಓದಿದರೆ ತಾರೀಖನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ವೆಸ್ಟ್ ಆಗದ 750 ಅಂದೇ ರದ್ದಾಯಿತು. ರಾಜೀನಾಮೆ ಕೊಟ್ಟರೂ ಕಂಪನಿಯೇ ತೆಗೆದುಹಾಕಿದರೂ ವೆಸ್ಟ್ ಆಗದ್ದು ಆ ದಿನಕ್ಕೆ ಮುಗಿಯುತ್ತದೆ ಎಂದು ನಿಯಮವೇ ಹೇಳುತ್ತದೆ. ಒಂದು ಮಾತನ್ನು ಮನೆಯವರೂ ತಿಳಿದಿರಬೇಕು: ನೌಕರಿಯಲ್ಲಿರುವಾಗಲೇ ನೌಕರ ತೀರಿಕೊಂಡರೆ ಅಲ್ಲಿಯವರೆಗೆ ಗ್ರಾಂಟ್ ಆದ ಎಲ್ಲ ಆಪ್ಷನ್ನುಗಳೂ ವಾರಸುದಾರರಿಗೆ ಅಥವಾ ನಾಮಿನಿಗೆ ಸೇರುತ್ತವೆ. ವೆಸ್ಟ್ ಆಗದವೂ ಸೇರಿ. ಶಾಶ್ವತವಾಗಿ ದುಡಿಯಲಾಗದ ಸ್ಥಿತಿ ಬಂದರೂ ಎಲ್ಲವೂ ಆ ದಿನವೇ ನೌಕರನದಾಗುತ್ತವೆ. ಪಿಎಫ್, ಗ್ರಾಚ್ಯುಯಿಟಿ ಕೇಳುವ ಕುಟುಂಬಗಳು ಇದನ್ನು ಕೇಳುವುದನ್ನು ಮರೆಯಬಾರದು.

ತೊಂಬತ್ತು ದಿನ, ಐದೂವರೆ ಲಕ್ಷ

ವೆಸ್ಟ್ ಆದ 1,250ರ ಗತಿ ಏನು? ನಿಯಮ ಇದನ್ನು ಸ್ಕೀಮಿಗೇ ಬಿಟ್ಟಿದೆ. ಸ್ಕೀಮಿನಲ್ಲಿ ಹೇಳಿದ ಅವಧಿಯೊಳಗೆ, ಅದರ ಷರತ್ತುಗಳಂತೆ ಎಕ್ಸರ್‌ಸೈಜ್ ಮಾಡಬಹುದು ಎಂದಷ್ಟೇ ಕಾನೂನಿನ ಮಾತು. ಆ ಅವಧಿ ಹತ್ತು ವರ್ಷವೂ ಇರಬಹುದು, ಮೂವತ್ತು ದಿನವೂ ಇರಬಹುದು. ಇವಳ ಸ್ಕೀಮಿನಲ್ಲಿ ಕೊನೆಯ ದಿನದಿಂದ 90 ದಿನ. ಅಂದರೆ 2025ರ ಸೆಪ್ಟೆಂಬರ್ 18ರೊಳಗೆ ಕೊಳ್ಳಬೇಕು, ಇಲ್ಲವಾದರೆ ಮೂರು ವರ್ಷ ದುಡಿದು ಗಳಿಸಿದ್ದೂ ರದ್ದು.

ಈ 90 ದಿನದ ಮೂಲ ಇಲ್ಲಿಯದಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿ ಒಂದು ಬಗೆಯ ಆಪ್ಷನ್ನಿಗೆ ವಿಶೇಷ ರಿಯಾಯಿತಿ ಉಳಿಯಬೇಕಾದರೆ ಕೆಲಸ ಬಿಟ್ಟ ಮೂರು ತಿಂಗಳೊಳಗೆ ಎಕ್ಸರ್‌ಸೈಜ್ ಮಾಡಬೇಕು. ಆ ರಿಯಾಯಿತಿಯೇ ಇಲ್ಲದ ನಮ್ಮಲ್ಲೂ ಅದೇ ಅವಧಿ ಸ್ಕೀಮುಗಳಲ್ಲಿ ಕೂತಿದೆ. ಭಾರತದ ಯಾವ ಕಾನೂನೂ ಇದನ್ನು ಕೇಳುವುದಿಲ್ಲ. ಕಂಪನಿ ಮನಸ್ಸು ಮಾಡಿದರೆ ‘ಕಂಪನಿ ಲಿಸ್ಟ್ ಆಗುವವರೆಗೆ ಇಟ್ಟುಕೊಳ್ಳಿ’ ಎಂದು ಬರೆಯಬಹುದು, ಹಾಗೆ ಬರೆದ ಭಾರತೀಯ ಕಂಪನಿಗಳೂ ಇವೆ. ಆದ್ದರಿಂದ ‘ಇದು ರೂಲ್ಸು, ಬದಲಾಯಿಸೋಕಾಗಲ್ಲ’ ಎಂದು ಯಾರಾದರೂ ಹೇಳಿದರೆ, ಅದು ಅವರ ಕಂಪನಿಯ ರೂಲ್ಸು ಎಂದು ತಿಳಿಯಬೇಕು.

ಈಗ ಹಣದ ಲೆಕ್ಕ. 1,250 ಷೇರಿಗೆ ₹250ರಂತೆ ಎಕ್ಸರ್‌ಸೈಜ್ ಪ್ರೈಸ್ ₹3,12,500. ಇದನ್ನು ಅವಳು ಊಹಿಸಿದ್ದಳು. ಊಹಿಸದೇ ಇದ್ದದ್ದು ತೆರಿಗೆ. ಎಕ್ಸರ್‌ಸೈಜ್ ಮಾಡುವ ಹೊತ್ತಿಗೆ ಮರ್ಚೆಂಟ್ ಬ್ಯಾಂಕರ್ ಕೊಟ್ಟ ಷೇರಿನ ಬೆಲೆ ₹850. ಆ ಬೆಲೆಗೂ ಅವಳು ಕೊಟ್ಟ ₹250ಕ್ಕೂ ಇರುವ ವ್ಯತ್ಯಾಸ, ಷೇರಿಗೆ ₹600, ಆದಾಯ ತೆರಿಗೆಯ ಕಣ್ಣಿನಲ್ಲಿ ಸಂಬಳ. ಇದನ್ನು ಪರ್ಕ್ವಿಸಿಟ್ ಅನ್ನುತ್ತಾರೆ. ಷೇರು ಮಾರಿಲ್ಲ, ಒಂದು ರೂಪಾಯಿಯೂ ಕೈಗೆ ಬಂದಿಲ್ಲ, ಆದರೂ ಆ ವರ್ಷದ ಸಂಬಳಕ್ಕೆ ₹7,50,000 ಸೇರುತ್ತದೆ. ಅವಳ ಆದಾಯ ಹೇಗೂ 24 ಲಕ್ಷ ದಾಟಿರುವುದರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಇದರ ಮೇಲೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಟ್ಟು ₹2,34,000.

ನೌಕರಿಯಲ್ಲಿ ಇದ್ದಾಗ ಎಕ್ಸರ್‌ಸೈಜ್ ಮಾಡಿದರೆ ಕಂಪನಿ ಈ ತೆರಿಗೆಯನ್ನು ಸಂಬಳದಲ್ಲಿ ಟಿಡಿಎಸ್ ಆಗಿ ಹಿಡಿಯುತ್ತದೆ. ಬಿಟ್ಟುಹೋದವಳಿಗೆ ಸಂಬಳವೇ ಇಲ್ಲ. ಹಾಗಾಗಿ ತೆರಿಗೆಯ ಮೊತ್ತವನ್ನೂ ಎಕ್ಸರ್‌ಸೈಜ್ ಪ್ರೈಸಿನ ಜೊತೆಗೆ ಕಂಪನಿಯ ಖಾತೆಗೆ ಹಾಕು, ಆಮೇಲೆ ಷೇರು ಕೊಡುತ್ತೇವೆ ಎನ್ನುತ್ತಾರೆ. ಎರಡೂ ಸೇರಿ ₹5,46,500. ಅದೂ ಸೆಪ್ಟೆಂಬರ್ 18ರೊಳಗೆ. ಪ್ರತಿಯಾಗಿ ಸಿಗುವುದು, ಪೇಟೆಯಲ್ಲಿ ಮಾರಲಾಗದ, ಕಂಪನಿಯ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಬೇರೆಯವರಿಗೆ ಕೊಡಲೂ ಆಗದ 1,250 ಷೇರು.

ಎಕ್ಸರ್‌ಸೈಜ್ ಪ್ರೈಸ್ ₹1 ಇದ್ದಿದ್ದರೆ? ಕೊಳ್ಳಲು ಬೇಕಾದದ್ದು ₹1,250 ಮಾತ್ರ. ಆದರೆ ವ್ಯತ್ಯಾಸ ದೊಡ್ಡದಾದ್ದರಿಂದ ಪರ್ಕ್ವಿಸಿಟ್ ₹10,61,250 ಆಗಿ, ತೆರಿಗೆ ₹3,31,110ಕ್ಕೆ ಏರುತ್ತದೆ. ಒಟ್ಟು ಖರ್ಚು ಎರಡು ಲಕ್ಷಕ್ಕೂ ಹೆಚ್ಚು ಕಡಿಮೆಯಾಯಿತು ನಿಜ. ಆದರೆ ‘ಒಂದು ರೂಪಾಯಿಗೆ ಷೇರು’ ಎಂದು ನಂಬಿಕೊಂಡವರ ಮುಂದೆ ಮೂರು ಲಕ್ಷದ ಬಿಲ್ ನಿಲ್ಲುತ್ತದೆ. ಕಂಪನಿ ಬೆಳೆದಷ್ಟೂ ಈ ಬಿಲ್ ದೊಡ್ಡದು. ಎಂಟು ವರ್ಷ ದುಡಿದ ಹಳಬರು ಕೆಲಸ ಬಿಡಲಾಗದೆ ಉಳಿಯುವುದು ಹೀಗೆ. ವೆಸ್ಟ್ ಆದ ಆಪ್ಷನ್ನುಗಳನ್ನು ಕೊಳ್ಳಲು ಬೇಕಾದಷ್ಟು ದುಡ್ಡು ಅವರ ಬಳಿ ಇರುವುದಿಲ್ಲ, ಬಿಟ್ಟರೆ ಎಲ್ಲವೂ ಹೋಗುತ್ತದೆ. ದುಡಿದು ಗಳಿಸಿದ್ದನ್ನು ದುಡ್ಡಿಲ್ಲ ಎಂಬ ಕಾರಣಕ್ಕೆ ಕಳೆದುಕೊಳ್ಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. 90 ದಿನದ ಷರತ್ತು ಇಸಾಪಿನ ಅತಿ ಕೆಟ್ಟ ಭಾಗ.

ತೆರಿಗೆ ಮುಂದೂಡುವ ಸೌಲಭ್ಯವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2020ರ ಬಜೆಟ್ಟಿನಲ್ಲಿ ಅದು ಬಂದಿದ್ದು ಹೌದು. ಆದರೆ ಸ್ಟಾರ್ಟಪ್ ಎಂದು ನೋಂದಣಿ ಆಗಿದ್ದರೆ ಸಾಲದು, ತೆರಿಗೆ ವಿನಾಯಿತಿಗೆ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದ ಕಂಪನಿಗಳ ನೌಕರರಿಗೆ ಮಾತ್ರ ಇದು ಅನ್ವಯ. ಅಲ್ಲೂ ತೆರಿಗೆ ಮುಂದೆ ಹೋಗುವುದು ಕೆಲಸದಲ್ಲಿ ಇರುವವರೆಗೆ ಮಾತ್ರ. ಸುಮಾರು ಐದು ವರ್ಷ ಕಳೆದಾಗ, ಅಥವಾ ಷೇರು ಮಾರಿದಾಗ, ಅಥವಾ ಕೆಲಸ ಬಿಟ್ಟಾಗ, ಯಾವುದು ಮೊದಲೋ ಆಗ ಕಟ್ಟಬೇಕು. ಬಿಟ್ಟುಹೋಗುತ್ತಿರುವ ನಮ್ಮ ಎಂಜಿನಿಯರಿಗೆ ಇದರಿಂದ ಉಪಯೋಗವಿಲ್ಲ.

ಕೊಂಡ ಮೇಲೆ

ಅವಳು ಉಳಿತಾಯ ಒಡೆದು ಕೊಂಡಳು ಎಂದಿಟ್ಟುಕೊಳ್ಳೋಣ. ಎರಡು ವರ್ಷ ದಾಟಿದ ಮೇಲೆ ಕಂಪನಿಯನ್ನು ಇನ್ನೊಬ್ಬರು ಕೊಂಡು, ಷೇರಿಗೆ ₹1,500 ಸಿಕ್ಕಿತು. ಆಗ ಲಾಭವನ್ನು ₹250ರಿಂದ ಎಣಿಸುವುದಿಲ್ಲ. ₹850ರವರೆಗಿನ ಭಾಗಕ್ಕೆ ಸಂಬಳವೆಂದು ತೆರಿಗೆ ಕಟ್ಟಿಯಾಗಿದೆ. ಉಳಿದ ₹650 ಮಾತ್ರ ಬಂಡವಾಳ ಲಾಭ. ಒಟ್ಟು ₹8,12,500. ಲಿಸ್ಟ್ ಆಗದ ಷೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ಈಗಿನ ದರ ಶೇ 12.5, ಸೆಸ್ ಸೇರಿ ₹1,05,625. ಎಲ್ಲ ಖರ್ಚು ಕಳೆದು ಹನ್ನೆರಡು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು. ಒಳ್ಳೆಯ ಮೊತ್ತವೇ.

ಷೇರು ₹300ಕ್ಕೆ ಇಳಿದಿದ್ದರೆ? ಕೈಗೆ ಬರುವುದು ₹3,75,000. ಖರ್ಚಾಗಿದ್ದು ಐದೂವರೆ ಲಕ್ಷದ ಹತ್ತಿರ. ಕಾಗದದ ಮೇಲೆ ₹6,87,500 ಬಂಡವಾಳ ನಷ್ಟ ದಾಖಲಾಗುತ್ತದೆ. ಅದನ್ನು ಮುಂದಿನ ಎಂಟು ವರ್ಷ ಬೇರೆ ಬಂಡವಾಳ ಲಾಭದ ಎದುರು ಮಾತ್ರ ಹೊಂದಿಸಿಕೊಳ್ಳಬಹುದು. ಸಂಬಳವೆಂದು ಕಟ್ಟಿದ ₹2,34,000 ತೆರಿಗೆ ವಾಪಸ್ ಬರುವುದಿಲ್ಲ. ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿದಂತಾಯಿತು. ಲಿಸ್ಟ್ ಆಗುವ ಸೂಚನೆಯಾಗಲೀ ಬೈಬ್ಯಾಕ್ ಮಾಡಿದ ಇತಿಹಾಸವಾಗಲೀ ಇಲ್ಲದ ಕಂಪನಿಯ ಷೇರನ್ನು ಸಾಲ ಮಾಡಿ ಎಕ್ಸರ್‌ಸೈಜ್ ಮಾಡಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಹಾಗೆ ಹಣ ಹಾಕುವುದು ಒಂದೇ ಕಂಪನಿಯ ಮೇಲೆ, ಹೊರಬರುವ ತಾರೀಖು ಗೊತ್ತಿಲ್ಲದೆ ಮಾಡುವ ಹೂಡಿಕೆ. ಪಕ್ಕದ ಮನೆಯವರು ಬಂದು ಇದೇ ಷೇರನ್ನು ಐದೂವರೆ ಲಕ್ಷಕ್ಕೆ ತೆಗೆದುಕೊಳ್ಳಿ ಎಂದರೆ ನೀವು ತೆಗೆದುಕೊಳ್ಳುತ್ತಿದ್ದಿರಾ ಎಂದು ಕೇಳಿಕೊಂಡು ನಿರ್ಧರಿಸಿ.

ಬಿಡುವಾಗಿನ ಇನ್ನೊಂದು ಷರತ್ತನ್ನು ಇಲ್ಲೇ ಹೇಳಿಬಿಡಬೇಕು. ಬಹಳಷ್ಟು ಸ್ಕೀಮುಗಳಲ್ಲಿ ‘ಕಾಸ್’ ಎಂಬ ವ್ಯಾಖ್ಯೆ ಇರುತ್ತದೆ. ದುರ್ನಡತೆಯ ಕಾರಣಕ್ಕೆ ತೆಗೆದುಹಾಕಿದರೆ ವೆಸ್ಟ್ ಆದದ್ದೂ ಸೇರಿ ಎಲ್ಲವೂ ರದ್ದು ಎನ್ನುವುದು ಅದರ ಸಾರ. ವಂಚನೆ, ಕಳ್ಳತನ ಎಂದಷ್ಟೇ ಇದ್ದರೆ ಸರಿ. ಕೆಲವು ಕಡೆ ‘ತೃಪ್ತಿಕರವಲ್ಲದ ಕೆಲಸ’ ಅಥವಾ ‘ಪ್ರತಿಸ್ಪರ್ಧಿ ಕಂಪನಿ ಸೇರುವುದು’ ಎಂಬುದನ್ನೂ ಅದರೊಳಗೆ ಹಾಕಿರುತ್ತಾರೆ. ಆಗ ವೆಸ್ಟಿಂಗಿಗೆ ಅರ್ಥವೇ ಉಳಿಯುವುದಿಲ್ಲ. ಮತ್ತೆ ಕೆಲವು ಸ್ಕೀಮುಗಳು ಬಿಟ್ಟುಹೋದವರ ಷೇರನ್ನು ವಾಪಸ್ ಕೊಳ್ಳುವ ಹಕ್ಕನ್ನು ಕಂಪನಿಗೆ ಕೊಡುತ್ತವೆ. ಯಾವ ಬೆಲೆಗೆ ಎಂಬ ಪದವನ್ನು ಬೆರಳಿಟ್ಟು ಓದಿ. ಅಂದಿನ ನ್ಯಾಯವಾದ ಬೆಲೆಗೆ ಎಂದಿದ್ದರೆ ಒಪ್ಪಬಹುದು. ಎಕ್ಸರ್‌ಸೈಜ್ ಪ್ರೈಸಿಗೆ ಎಂದಿದ್ದರೆ ಏರಿದ ಬೆಲೆಯೆಲ್ಲ ಕಂಪನಿಗೇ ಹೋಗುತ್ತದೆ. ಲೇಆಫ್ ಆದವರನ್ನು ಯಾವ ಸಾಲಿಗೆ ಸೇರಿಸುತ್ತಾರೆ ಎನ್ನುವುದನ್ನೂ ನೋಡಿ. ತಮ್ಮ ತಪ್ಪಿಲ್ಲದೆ ಹೋದವರಿಗೆ ಹೆಚ್ಚು ಕಾಲಾವಕಾಶ ಕೊಡುವ ಸ್ಕೀಮುಗಳಿವೆ, ಏನೂ ಹೇಳದೆ ರಾಜೀನಾಮೆಯ ಲೆಕ್ಕಕ್ಕೇ ಸೇರಿಸುವವೂ ಇವೆ.

ಸಹಿಗೆ ಮುಂಚೆ

ಇವೆಲ್ಲ ಆಫರ್ ಲೆಟರಿನಲ್ಲಿ ಇರುವುದಿಲ್ಲ. ಷೇರುದಾರರ ನಿರ್ಣಯದಿಂದ ಒಪ್ಪಿಗೆ ಪಡೆದ ಇಸಾಪ್ ಸ್ಕೀಮ್ ಎಂಬ ದಾಖಲೆಯಲ್ಲಿ ಇರುತ್ತವೆ. ಇಪ್ಪತ್ತು ಮೂವತ್ತು ಪುಟದ ಈ ಕಾಗದವನ್ನು ಎಷ್ಟೋ ಜನ ನೋಡುವುದು ರಾಜೀನಾಮೆ ಕೊಟ್ಟ ಮೇಲೆ, ಸೆಟಲ್‌ಮೆಂಟಿನ ಮೇಲ್ ಬಂದಾಗ. ಆಫರ್ ಒಪ್ಪುವ ಮುಂಚೆಯೇ ಮೇಲ್ ಮೂಲಕ ಅದನ್ನು ಕೇಳಿ. ಫೋನಿನಲ್ಲಿ ಹೇಳಿದ ಮಾತು ಮೂರು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ, ಹೇಳಿದ ಎಚ್‌ಆರ್ ಅಷ್ಟು ಹೊತ್ತಿಗೆ ಬೇರೆ ಕಂಪನಿಯಲ್ಲಿ ಇರುತ್ತಾರೆ.

ಅದೇ ಮೇಲ್‌ನಲ್ಲಿ ಆಪ್ಷನ್ನುಗಳ ಸಂಖ್ಯೆ, ಕಂಪನಿಯ ಒಟ್ಟು ಷೇರುಗಳ ಸಂಖ್ಯೆ, ಎಕ್ಸರ್‌ಸೈಜ್ ಪ್ರೈಸ್, ಮರ್ಚೆಂಟ್ ಬ್ಯಾಂಕರ್ ಕೊಟ್ಟ ಇತ್ತೀಚಿನ ಬೆಲೆ ಮತ್ತು ಗ್ರಾಂಟ್ ಲೆಟರ್ ಯಾವ ತಾರೀಖಿನೊಳಗೆ ಬರುತ್ತದೆ ಎಂಬುದನ್ನು ಕೇಳಿ. ಒಟ್ಟು ಷೇರು ಗೊತ್ತಿಲ್ಲದೆ 2,000 ಎಂಬ ಸಂಖ್ಯೆಗೆ ಅರ್ಥವಿಲ್ಲ. ಒಂದು ಕೋಟಿ ಷೇರಿನ ಕಂಪನಿಯಲ್ಲಿ ಅದು ಶೇ 0.02, ಹತ್ತು ಕೋಟಿಯ ಕಂಪನಿಯಲ್ಲಿ ಅದರ ಹತ್ತನೇ ಒಂದು ಭಾಗ. ಹಿಂದೆ ಎಂದಾದರೂ ನೌಕರರಿಂದ ಬೈಬ್ಯಾಕ್ ಮಾಡಿದ್ದೀರಾ, ಅದರಲ್ಲಿ ಬಿಟ್ಟುಹೋದವರಿಗೂ ಅವಕಾಶ ಇತ್ತೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಕಂಪನಿಗಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ.

ಚೌಕಾಶಿಗೆ ಅವಕಾಶ ಎಲ್ಲಿದೆ ಎಂಬುದನ್ನೂ ತಿಳಿದಿರಬೇಕು. ಎಕ್ಸರ್‌ಸೈಜ್ ಪ್ರೈಸನ್ನು ಒಬ್ಬರಿಗಾಗಿ ಬದಲಿಸುವುದು ಕಷ್ಟ. ಆಪ್ಷನ್ನುಗಳ ಸಂಖ್ಯೆ ಹೆಚ್ಚಿಸಬಹುದು, ಗ್ರಾಂಟಿನ ತಾರೀಖನ್ನು ಬರಹದಲ್ಲಿ ಪಡೆಯಬಹುದು, ಹಿರಿಯ ಹುದ್ದೆಗೆ ಹೋಗುವವರು ಬಿಟ್ಟ ನಂತರದ ಅವಧಿಯನ್ನು ತಮ್ಮ ಗ್ರಾಂಟ್ ಲೆಟರಿನಲ್ಲೇ ಉದ್ದ ಮಾಡಿಸಿಕೊಳ್ಳಬಹುದು. ಸ್ಕೀಮ್ ಅದಕ್ಕೆ ಆಸ್ಪದ ಕೊಟ್ಟಿರಬೇಕು ಅಷ್ಟೆ. ಎರಡು ಆಫರುಗಳ ನಡುವೆ ತೂಗುತ್ತಿದ್ದರೆ ನನ್ನ ಸಲಹೆ ಸ್ಪಷ್ಟ: ಬಿಟ್ಟ ಮೇಲೂ ಐದು ವರ್ಷ ಇಟ್ಟುಕೊಳ್ಳಬಹುದಾದ 10 ಲಕ್ಷದ ಇಸಾಪ್, 90 ದಿನದ 20 ಲಕ್ಷಕ್ಕಿಂತ ಮೇಲು.

ಸ್ಕೀಮಿನ ಪ್ರತಿಯನ್ನು ‘ಸೇರಿದ ಮೇಲೆ ಕೊಡುತ್ತೇವೆ’ ಎಂದರೆ ಇಸಾಪನ್ನು ಸೊನ್ನೆ ಎಂದು ಎಣಿಸಿ. ಉಳಿದ ಸಂಬಳ ನಿಮಗೆ ಸಾಕೇ ಎಂದು ನೋಡಿ, ಸಾಲದಿದ್ದರೆ ಅಷ್ಟನ್ನು ಸಂಬಳದಲ್ಲೇ ಕೇಳಿ. ಈಗಾಗಲೇ ಕೆಲಸದಲ್ಲಿ ಇದ್ದು ಆಪ್ಷನ್ ಇಟ್ಟುಕೊಂಡಿದ್ದರೆ ಗ್ರಾಂಟ್ ಲೆಟರಿನ ತಾರೀಖು, ವೆಸ್ಟ್ ಆದ ಸಂಖ್ಯೆ, ಬಿಟ್ಟ ಮೇಲೆ ಎಷ್ಟು ದಿನ ಎಂಬ ಮೂರನ್ನೂ ಈ ವಾರವೇ ಬರೆದಿಟ್ಟುಕೊಳ್ಳಿ, ಒಂದು ಪ್ರತಿಯನ್ನು ಆಫೀಸಿನ ಮೇಲ್ ಬಿಟ್ಟು ನಿಮ್ಮ ಸ್ವಂತ ಮೇಲ್‌ನಲ್ಲಿ ಇಡಿ. ಕೊನೆಯ ದಿನದ ಸಂಜೆ ಆಫೀಸಿನ ಮೇಲ್ ಬಂದ್ ಆಗುತ್ತದೆ, 90 ದಿನದ ಎಣಿಕೆ ಮರುದಿನದಿಂದಲೇ ಶುರುವಾಗುತ್ತದೆ.